ದಂಡದ ಸಾಲು ಹೇಳುವುದು ತಾರೀಖನ್ನು, ಸ್ವಭಾವವನ್ನಲ್ಲ

“ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ, ಖಾತೆಯಲ್ಲಿ ಹಣ ಸಾಲದೆ ಇಎಂಐ ಮರಳಿದ್ದಕ್ಕೆ ಬಿದ್ದ ದಂಡ ಪದೇ ಪದೇ ಕಂಡರೆ, ಆ ವ್ಯಕ್ತಿಗೆ ಹಣದ ಶಿಸ್ತಿಲ್ಲ ಎಂದು ತಿಳಿಯಬಹುದು.”

ಲೇಖನವೊಂದರಲ್ಲಿ ಬಂದ ಈ ಮಾತನ್ನು ನಾನು ಒಪ್ಪುವುದಿಲ್ಲ. ಪರಿಚಿತರೊಬ್ಬರು ಏನನ್ನೂ ಕೇಳದೆ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕಳುಹಿಸಿದ್ದರು. ಅದರಲ್ಲಿ ಎರಡು ಬಾರಿ 590 ರೂಪಾಯಿ, ಅಂದರೆ 500 ರೂಪಾಯಿ ದಂಡ ಮತ್ತು ಅದರ ಮೇಲಿನ 18% ಜಿಎಸ್‌ಟಿ, ಕಡಿತವಾಗಿತ್ತು. ತಾರೀಖುಗಳನ್ನು ಸಾಲಾಗಿ ನೋಡಿದಾಗ, ಇಎಂಐ ಪ್ರತಿ ತಿಂಗಳು 5ರಂದು ಕಡಿತಕ್ಕೆ ಬರುತ್ತಿದ್ದು, ಆ ಎರಡು ತಿಂಗಳು ಸಂಬಳ 7ರಂದು ಜಮೆಯಾಗಿತ್ತು ಎಂಬುದು ಸ್ಪಷ್ಟವಾಯಿತು. ಇಎಂಐ ತಾರೀಖನ್ನು 10ಕ್ಕೆ ಬದಲಿಸಲು ಸಾಧ್ಯವೇ ಎಂದು ಸಾಲ ಕೊಟ್ಟವರನ್ನು ವಿಚಾರಿಸಬಹುದು ಎನ್ನುವಷ್ಟಕ್ಕೆ ಮಾತ್ರ ಆ ಕಾಗದ ಆಧಾರ ಕೊಡುತ್ತದೆ.

ಅದೇ ಸ್ಟೇಟ್‌ಮೆಂಟಿನಲ್ಲಿ ತಿಂಗಳಿಗೊಮ್ಮೆ ಒಬ್ಬರ ಹೆಸರಿಗೆ ಯುಪಿಐ ಮೂಲಕ 8,000 ರೂಪಾಯಿ ಹೋಗುತ್ತಿತ್ತು. ಅದು ಬಾಡಿಗೆಯೋ, ಕೈಸಾಲದ ಕಂತೋ, ತಾಯಿಗೆ ಕಳುಹಿಸಿದ ಹಣವೋ ಎಂಬುದನ್ನು ಆ ಸಾಲು ಹೇಳುವುದಿಲ್ಲ. ಎಟಿಎಂನಿಂದ ತೆಗೆದ ನಗದು ಎಲ್ಲಿ ಖರ್ಚಾಯಿತು ಎಂಬುದೂ ಹಾಗೆಯೇ ಕಾಣದು. ತಮ್ಮದೇ ಇನ್ನೊಂದು ಖಾತೆಗೆ ವರ್ಗಾಯಿಸಿದ ಮೊತ್ತವಂತೂ ಖರ್ಚೇ ಅಲ್ಲ, ಆದರೂ ಒಟ್ಟು ಡೆಬಿಟ್ ಲೆಕ್ಕದಲ್ಲಿ ಅದು ಸೇರಿಕೊಂಡು ವ್ಯಕ್ತಿಯನ್ನು ದುಂದುಗಾರನಂತೆ ತೋರಿಸುತ್ತದೆ. ಆದ್ದರಿಂದ ನಾನು ಅವರಿಗೆ ದಂಡದ ಕಾರಣವನ್ನು ತಿಳಿಸಿ, ಇದರಲ್ಲಿ ತಾವು ಏನನ್ನು ನೋಡಬಯಸಿದ್ದೀರಿ ಎಂದು ಕೇಳಿದೆ. ಆ 8,000 ರೂಪಾಯಿಯ ಬಗ್ಗೆ ಅವರಾಗಿ ಹೇಳದ ಹೊರತು ಕೇಳುವ ಅಗತ್ಯ ನನಗೆ ಕಾಣಲಿಲ್ಲ.