ಕೆಳಗೆ ಒತ್ತಿದರೆ ಮೇಲೆ ಕೂಗಿತು

ರಿಮೋಟ್ ಕೈಕೊಟ್ಟರೆ ರಾಯಚೂರಿನ ನಮ್ಮ ಮನೆಯಲ್ಲಿ ಎಲ್ಲರೂ ಡಾಕ್ಟರೇ. ಅವ್ವ ಅದನ್ನು ಅಂಗೈಗೆ ಪಟಪಟ ಬಡಿಯುತ್ತಾಳೆ. ಅಪ್ಪ ಸೆಲ್ ತೆಗೆದು ಲುಂಗಿಗೆ ತಿಕ್ಕಿ ಮತ್ತೆ ಹಾಕುತ್ತಾರೆ. ತಮ್ಮನದು ಮಾಳಿಗೆ ಚಿಕಿತ್ಸೆ: ಸೆಲ್ಲುಗಳನ್ನು ಬಿಸಿಲಿಗೆ ಒಣಹಾಕುವುದು. ಬೆಚ್ಚಗಾದ ಸೆಲ್ ಒಂದಿಷ್ಟು ಹೊತ್ತು ಜೀವ ಹಿಡಿಯುವುದೇನೋ ನಿಜ. ಆದರೆ ನಮ್ಮೂರಿನ ಮೇ ತಿಂಗಳ ಬಿಸಿಲಿಗೆ ಅದು ಸೋರಿ, ರಿಮೋಟಿನ ಸ್ಪ್ರಿಂಗಿಗೆ ಕಿಲುಬು ಹಿಡಿಸಿದರೆ ಮುಂದೆ ಹೊಸ ಸೆಲ್ ಹಾಕಿದರೂ ಉಪಯೋಗವಿಲ್ಲ.

ಮೊನ್ನೆ ಬಂದ ರೋಗ ಮಾತ್ರ ವಿಚಿತ್ರದ್ದು. ಪವರ್ ಬಟನ್ ಒತ್ತಿದರೆ ಟಿವಿ ಹತ್ತುತ್ತದೆ, ಮತ್ತೆ ಒತ್ತಿದರೆ ಆರುತ್ತದೆ. ನಡುವೆ ಏನೂ ಇಲ್ಲ. ಪರದೆಯ ಮೇಲೆ ಅಳಿಯ ಬಿಟ್ಟುಹೋದ ಕಾರ್ಟೂನ್ ಬೆಕ್ಕು ಓಡುತ್ತಲೇ ಇದೆ, ಇತ್ತ ಅವ್ವನ ಧಾರಾವಾಹಿ ಶುರುವಾಗುವ ಹೊತ್ತು.

"ಸೆಲ್ ಹೋಗ್ಯಾವ, ಬ್ಯಾರೆ ತಂದು ಹಾಕು" ಎಂದಳು ಅವ್ವ.

ನನ್ನ ಹೆಂಡತಿ ಅಲಾರಂ ಗಡಿಯಾರದ ಸೆಲ್ ಕಿತ್ತು ತಂದಳು. "ಗಡಿಯಾರ ನಡೀಲಿಕತ್ತಾದ, ಅಂದ್ರ ಸೆಲ್ ಚಲೋ ಅದಾವ" ಎಂಬುದು ಅವಳ ವಾದ. ಇದನ್ನು ನಂಬಬಾರದು. ಗಡಿಯಾರಕ್ಕೆ ಬೇಕಾದ ಕರೆಂಟು ತೀರಾ ಕಡಿಮೆ; ರಿಮೋಟ್ ಬೆಳಕು ಚಿಮ್ಮಿಸುವ ಕ್ಷಣಕ್ಕೆ ಅದರ ಎಷ್ಟೋ ಪಟ್ಟು ಬೇಕು. ರಿಮೋಟಿನಲ್ಲಿ ಸತ್ತ ಸೆಲ್ ಗಡಿಯಾರದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಆದರೆ ಸೆಲ್ ಸಾಯುವುದು ಒಂದೇ ಏಟಿಗಲ್ಲ. ಮೊದಲು ಸೋಫಾದಿಂದ ಕೆಲಸ ನಿಲ್ಲುತ್ತದೆ, ಆಮೇಲೆ ಟಿವಿಯ ಹತ್ತಿರ ಹೋಗಿ ಒತ್ತಬೇಕಾಗುತ್ತದೆ, ಕೊನೆಗೆ ಎಲ್ಲ ಬಟನ್ನೂ ಮಲಗುತ್ತವೆ. ನಮ್ಮದು ಅಡುಗೆಮನೆ ಬಾಗಿಲಿನಿಂದ ಒತ್ತಿದರೂ ಆರುತ್ತಿತ್ತು.

ಅಪ್ಪನಿಗೆ ಧೂಳಿನ ಮೇಲೆ ಅನುಮಾನ. ಟಿವಿಯ ಕೆಳ ಅಂಚಿನಲ್ಲಿರುವ ಕಣ್ಣನ್ನು ಒದ್ದೆ ಬಟ್ಟೆಯಿಂದ ಒರೆಸಿದರು, ಅದರ ಮುಂದಿದ್ದ ಪ್ಲಾಸ್ಟಿಕ್ ಹೂವಿನ ಕುಂಡ ಸರಿಸಿದರು. ಆ ಕಣ್ಣು ಮುಚ್ಚಿದ್ದರೆ ಎದುರಿನಿಂದ ಎಷ್ಟು ಒತ್ತಿದರೂ ಆಗದ್ದು ಪಕ್ಕಕ್ಕೆ ಸರಿದು ನಿಂತರೆ ಆಗುತ್ತದೆ. ಆದರೆ ಪವರ್ ಬಟನ್ ಕೆಲಸ ಮಾಡುತ್ತಿದೆಯೆಂದರೆ ಆ ದಾರಿ ತೆರೆದೇ ಇದೆ.

ತಮ್ಮ ಮೊಬೈಲ್ ಕ್ಯಾಮೆರಾ ಹಿಡಿದು ಬಂದ. ರಿಮೋಟಿನ ಮೂತಿಯನ್ನು ಕ್ಯಾಮೆರಾಕ್ಕೆ ತೋರಿಸಿ ಬಟನ್ ಒತ್ತಿದರೆ, ಬರಿಗಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ನೇರಳೆ ಚುಕ್ಕೆಯಾಗಿ ಕಾಣುತ್ತದೆ. ಕೆಲವು ಫೋನುಗಳ ಹಿಂದಿನ ಕ್ಯಾಮೆರಾ ಅದನ್ನು ಸೋಸಿಬಿಡುವುದರಿಂದ ಸೆಲ್ಫಿ ಕ್ಯಾಮೆರಾವೇ ವಾಸಿ. ಪವರ್ ಒತ್ತಿದಾಗ ಚುಕ್ಕೆ ಮಿನುಗಿತು. ವಾಲ್ಯೂಮ್ ಒತ್ತಿದರೆ ಕತ್ತಲೆ. "ವಾಲ್ಯೂಮ್ ಬಟನ್ ಸುಟ್ಟದ!" ಎಂದು ತೀರ್ಪು ಕೊಟ್ಟ.

ಸುಟ್ಟಿರಲಿಲ್ಲ. ಈಗಿನ ಬಹಳಷ್ಟು ಸ್ಮಾರ್ಟ್ ಟಿವಿ ರಿಮೋಟುಗಳಿಗೆ ಎರಡು ನಾಲಿಗೆ. ಮಲಗಿದ ಟಿವಿಯ ಬ್ಲೂಟೂತ್ ಎಚ್ಚರ ಇರುತ್ತದೆಂಬ ಭರವಸೆ ಇಲ್ಲದ್ದರಿಂದ ಅದನ್ನು ಎಬ್ಬಿಸಲು ಪವರ್ ಬಟನ್ ಇನ್‌ಫ್ರಾರೆಡ್‌ನಲ್ಲಿ ಕೂಗುತ್ತದೆ. ಉಳಿದ ಬಟನ್ನುಗಳು ಬ್ಲೂಟೂತಿನಲ್ಲಿ ಮಾತಾಡುತ್ತವೆ, ಆ ಮಾತು ಕ್ಯಾಮೆರಾಕ್ಕೆ ಕಾಣುವಂಥದ್ದಲ್ಲ. ಪವರ್ ಮಾತ್ರ ನಡೆದು ಬೇರೆಲ್ಲ ನಿಂತರೆ ಮೊದಲು ಅನುಮಾನಿಸಬೇಕಾದ್ದು ಟಿವಿ ಮತ್ತು ರಿಮೋಟಿನ ಜೋಡಿ, ಅಂದರೆ ಪೇರಿಂಗ್. ಅದು ತಪ್ಪಿದ್ದರೆ ಅನೇಕ ಆಂಡ್ರಾಯ್ಡ್ ಟಿವಿಗಳಲ್ಲಿ ಹೋಮ್ ಮತ್ತು ಬ್ಯಾಕ್ ಎರಡನ್ನೂ ಒಟ್ಟಿಗೆ ಒತ್ತಿ ಹಿಡಿಯಬೇಕು, ದೀಪ ಮಿಟುಕಿಸುವವರೆಗೆ. ಟಿವಿಯಲ್ಲಿ Remotes & Accessories ತೆರೆದು ಹೊಸ ರಿಮೋಟ್ ಹುಡುಕಿಸಬೇಕು. ಅಲ್ಲಿಗೆ ಹೋಗಲೇ ರಿಮೋಟ್ ಇಲ್ಲವಲ್ಲ ಎಂದರೆ, ಯುಎಸ್‌ಬಿ ಮೌಸ್ ಚುಚ್ಚಿದರೂ ಸಾಮಾನ್ಯವಾಗಿ ಆಗುತ್ತದೆ.

ನಾನು ಮೌಸ್ ಹುಡುಕುತ್ತಿದ್ದೆ. ತಮ್ಮ ಸಿಟ್ಟಿನಿಂದ ವಾಲ್ಯೂಮ್ ಒತ್ತಿ ಹಿಡಿದೇ ಇದ್ದ. ಮೇಲಿನ ಮನೆಯಿಂದ ಕಾಕಾನ ದನಿ ಬಂತು: "ಯಾರಲೇ, ಟಿವಿ ಹಿಂಗ್ಯಾಕ ಒದರ್ಲಿಕತ್ತಾದ! ಸೆಲ್ ಬದಲಿ ಮಾಡಿದ್ರೂ ನಿಲ್ವಲ್ದು!"

ಅಷ್ಟರಲ್ಲಿ ನಮ್ಮ ಟಿವಿಯ ಬೆಕ್ಕು ಮಾಯವಾಗಿ, ಯಾರೂ ಮುಟ್ಟದೆಯೇ ಸೆಟ್ಟಿಂಗ್ಸ್ ತೆರೆಯಿತು. ಅವ್ವ ಕೈಮುಗಿದಳು.

ದಸರಾ ಆಫರಿನಲ್ಲಿ ಅಪ್ಪ, ಕಾಕಾ ಇಬ್ಬರೂ ಒಂದೇ ಕಂಪನಿಯ, ಒಂದೇ ಮಾದರಿಯ ಟಿವಿ ತಂದಿದ್ದರು. ಮಕ್ಕಳು ಮಧ್ಯಾಹ್ನ ಎರಡೂ ರಿಮೋಟುಗಳನ್ನು ಆಟಕ್ಕೆ ಒಯ್ದು ಅದಲುಬದಲು ಮಾಡಿಟ್ಟಿದ್ದಾರೆ. ಇನ್‌ಫ್ರಾರೆಡ್ ಸಂಕೇತ ಎರಡಕ್ಕೂ ಒಂದೇ, ಹಾಗಾಗಿ ಎದುರಿಗಿದ್ದ ಟಿವಿ ಹತ್ತಿ ಆರುತ್ತಿತ್ತು. ಬ್ಲೂಟೂತ್ ಮಾತ್ರ ಹಳೇ ಸಂಬಂಧ ಮರೆಯದೆ, ಛಾವಣಿ ತೂರಿ ಸ್ವಂತ ಟಿವಿಯನ್ನು ಹುಡುಕಿಕೊಂಡು ಹೋಗಿತ್ತು. ಕಾಕಾ ಮೇಲೆ ಒತ್ತಿದ್ದೆಲ್ಲ ಕೆಳಗೆ ನಮ್ಮ ಟಿವಿಯಲ್ಲಿ ನಡೆಯುತ್ತಿತ್ತು.

ಮೆಟ್ಟಿಲ ಮೇಲೆ ರಿಮೋಟುಗಳ ವಿನಿಮಯವಾಯಿತು. ನಮ್ಮದರ ಬೆನ್ನಿಗೆ ಅವ್ವ ಅರಿಶಿಣ ಹಚ್ಚಿದ್ದಾಳೆ, ಗುರುತಿಗೆ ಎನ್ನುತ್ತಾಳೆ, ನನಗೆ ದೃಷ್ಟಿಗೂ ಇರಬಹುದೆಂಬ ಅನುಮಾನ. ಕಾಕಾ ಮಾತ್ರ ಇನ್ನೂ ಒಪ್ಪಿಲ್ಲ. ಅಂದು ಒಂದಿಡೀ ಪಟ್ಟಿ ಸೆಲ್ ಕೊಂಡು ತಂದಿದ್ದರು, ಅಂಗಡಿಯವ ವಾಪಸ್ ತಗೋವಲ್ಲ.