ಗಡುವು ಕಳೆದ ಮರುದಿನದ ಮಹಾಜ್ಞಾನ

ಜೂನ್ 26ರ ಬೆಳಿಗ್ಗೆ ಮಡಿಕೇರಿಯ ನಮ್ಮ ಸಿಎ ಸಾಹೇಬರು ಲಿಂಕ್ಡ್‌ಇನ್‌ನಲ್ಲಿ ಸಣ್ಣ ವ್ಯಾಪಾರಿಗಳನ್ನು ಉದ್ಧಾರ ಮಾಡಿದರು. ಪೋಸ್ಟಿನ ಹೆಸರು 'ಕಾಫಿ ಗಿಡ ನನಗೆ ಕಲಿಸಿದ ಏಳು ತೆರಿಗೆ ಪಾಠಗಳು'. ಒಂದು ಸಾಲು ಬರೆದು, ಒಂದು ಸಾಲು ಖಾಲಿ ಬಿಟ್ಟು, ಓದುವವರ ಹೆಬ್ಬೆರಳು ಸವೆಯುವ ತನಕ ಎಳೆದಿದ್ದರು. ಹೂಮಳೆ ತಡವಾದರೆ ಫಸಲಿಲ್ಲ, ರಿಟರ್ನ್ ತಡವಾದರೆ ನೆಮ್ಮದಿಯಿಲ್ಲ. ತೆರಿಗೆ ಹೊರೆಯಲ್ಲ, ಸಂಸ್ಕಾರ. ಕೊನೆಗೆ ಒಂದು ರಾಕೆಟ್, ಒಂದು ಸಸಿ, 'ಒಪ್ಪುತ್ತೀರಾ?' ಎಂಬ ಪ್ರಶ್ನೆ.

ಜೊತೆಗೊಂದು ಫೋಟೊ. ಬ್ಲೇಜರ್ ತೊಟ್ಟು, ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರದ ಪಕ್ಕ ಕೈಕಟ್ಟಿ ನಿಂತು ದಿಗಂತ ನೋಡುತ್ತಿದ್ದಾರೆ. ಜೂನ್ ತಿಂಗಳಲ್ಲಿ ತೋಟಕ್ಕಿಳಿದವರು ಯಾರೂ ದಿಗಂತ ನೋಡುವುದಿಲ್ಲ, ಕಾಲಿನ ಜಿಗಣೆ ನೋಡಿಕೊಳ್ಳುತ್ತಾರೆ.

ಏಳು ಪಾಠಗಳಲ್ಲೂ ಇಲ್ಲದ್ದು ಜಿಎಸ್‌ಟಿ ದುಡ್ಡು ಕಟ್ಟುವ ಕೊನೆಯ ತಾರೀಕು. ಅದು ಹಿಂದಿನ ದಿನವಷ್ಟೇ, ಅಂದರೆ 25ಕ್ಕೆ ಕಳೆದುಹೋಗಿತ್ತು.

ಲೈಕ್ ಒತ್ತಿದವರೆಲ್ಲ ಬೇರೆ ಊರಿನ ಸಿಎಗಳು, ಸಿಎ ಓದುತ್ತಿರುವವರು ಮತ್ತು ಸಾಫ್ಟ್‌ವೇರ್ ಮಾರುವವರು. 'ತುಂಬಾ ಆಳವಾದ ಮಾತು ಸಾರ್' ಎಂದು ಒಬ್ಬರು ಬರೆದರೆ, 'ಕಣ್ಣು ತೆರೆಸಿದಿರಿ' ಎಂದು ಇನ್ನೊಬ್ಬರು. ಈ ಗಡುವು ನಿಜವಾಗಿ ಯಾರಿಗೆ ಬೇಕೋ ಅವರ ಪೈಕಿ ಅಲ್ಲಿಗೆ ತಪ್ಪಿ ಬಂದವರು ನಮ್ಮ ಹೋಂಸ್ಟೇ ಮಾವ ಒಬ್ಬರೇ. ಮಗಳು ಬೆಂಗಳೂರಿನಿಂದ ಬಂದಾಗ ಫೋನಿಗೆ ಹಾಕಿಕೊಟ್ಟಿದ್ದಳು. ಅವರು ಕೆಳಗೆ ಬರೆದದ್ದು ಇಷ್ಟೇ: 'ಸಾರ್, ನಮ್ಮದು ಮೂರು ತಿಂಗಳ ರಿಟರ್ನ್. ದುಡ್ಡು ಯಾವಾಗ ಕಟ್ಟಬೇಕು?'

ಸಾಹೇಬರ ಉತ್ತರ: 'ಅದ್ಭುತ ಪ್ರಶ್ನೆ! ಇದೇ ಕುತೂಹಲ ನಮ್ಮ ಉದ್ಯಮಿಗಳಲ್ಲಿ ಬೆಳೆಯಬೇಕು.'

ಪ್ರಶ್ನೆ ನಿಜಕ್ಕೂ ಅದ್ಭುತವೇ. ವರ್ಷಕ್ಕೆ ಐದು ಕೋಟಿಯವರೆಗೆ ವಹಿವಾಟು ಇರುವವರಿಗೆ ಜಿಎಸ್‌ಟಿಯಲ್ಲಿ ಕ್ಯೂಆರ್‌ಎಂಪಿ ಎಂಬ ವ್ಯವಸ್ಥೆ ಇದೆ. ರಿಟರ್ನ್ ಮೂರು ತಿಂಗಳಿಗೊಮ್ಮೆ, ಆದರೆ ದುಡ್ಡು ಪ್ರತಿ ತಿಂಗಳೂ. 'ಮೂರು ತಿಂಗಳಿಗೊಮ್ಮೆ' ಎಂಬುದು ಕಿವಿಗೆ ಬಿದ್ದ ಕೂಡಲೇ ಮಾವನಂಥವರು ದುಡ್ಡಿಗೂ ಮೂರು ತಿಂಗಳ ರಜೆ ಸಿಕ್ಕಿತೆಂದು ತಿಳಿದು ಆರಾಮಾಗುತ್ತಾರೆ. ಏಪ್ರಿಲ್ ತೆರಿಗೆ ಮೇ 25ರೊಳಗೆ, ಮೇ ತೆರಿಗೆ ಜೂನ್ 25ರೊಳಗೆ ಪಿಎಂಟಿ-06 ಎಂಬ ಚಲನ್‌ನಲ್ಲಿ ಹೋಗಬೇಕು. ಜೂನ್ ತಿಂಗಳದ್ದು ಮಾತ್ರ ಜುಲೈಯಲ್ಲಿ, 3ಬಿ ಎಂಬ ಮೂರು ತಿಂಗಳ ರಿಟರ್ನ್ ಜೊತೆಗೆ.

ಮಾವನ ಲೆಕ್ಕವನ್ನೇ ನೋಡೋಣ. ರೂಮಿನ ಬಾಡಿಗೆ ದಿನಕ್ಕೆ 7,500 ರೂಪಾಯಿಯ ಒಳಗೇ ಇರುವುದರಿಂದ ತೆರಿಗೆ ಶೇಕಡಾ 5, ಖರೀದಿಯ ತೆರಿಗೆ ವಾಪಸ್ ಪಡೆಯುವ ಗೊಡವೆ ಇಲ್ಲ. ಏಪ್ರಿಲ್‌ನಲ್ಲಿ ನಾಲ್ಕು ಲಕ್ಷ ಬಂತು, ತೆರಿಗೆ 20,000. ಮೇ ತಿಂಗಳು ಬೆಂಗಳೂರಿಗೆ ಬೆಂಗಳೂರೇ ಕೊಡಗಿಗೆ ಬರುವ ಕಾಲ, ಆರು ಲಕ್ಷ ಬಂತು, ತೆರಿಗೆ 30,000. ಜೂನ್‌ನಲ್ಲಿ ಮಳೆ ಹಿಡಿಯಿತು, 1,20,000 ಬಂತು, ತೆರಿಗೆ 6,000. ಒಟ್ಟು 56,000. ಮೊದಲೆರಡು ತಿಂಗಳ ತೆರಿಗೆಯನ್ನು ತಾವೇ ಲೆಕ್ಕ ಹಾಕಿ ಕಟ್ಟುವ ದಾರಿಯಲ್ಲಿದ್ದು, ಕಟ್ಟದೆ ಜುಲೈ 22ರ ತನಕ ಸುಮ್ಮನೆ ಕೂತರೆ ವರ್ಷಕ್ಕೆ ಶೇಕಡಾ 18ರ ಬಡ್ಡಿ ಬೀಳುತ್ತದೆ. ಏಪ್ರಿಲ್ ಬಾಕಿಗೆ 58 ದಿನ, ಮೇ ಬಾಕಿಗೆ 27 ದಿನ. ಎರಡೂ ಸೇರಿ ಸುಮಾರು 970 ರೂಪಾಯಿ. ಲಂಕೆಯೇನೂ ಸುಟ್ಟುಹೋಗಲಿಲ್ಲ, ನಿಜ. ಆದರೆ ಕಟ್ಟಬೇಕಿಲ್ಲದ ದುಡ್ಡು ಕಟ್ಟುವುದು ಯಾವ ಸಂಸ್ಕಾರ?

ಕಟ್ಟಬೇಕಿಲ್ಲ ಎಂದೆ, ಯಾಕೆಂದರೆ ಇದಕ್ಕೊಂದು ಸರಳ ದಾರಿ ಕಾನೂನಿನಲ್ಲೇ ಇದೆ. ಹಿಂದಿನ ಮೂರು ತಿಂಗಳ ರಿಟರ್ನಿನಲ್ಲಿ ನಗದಾಗಿ ಕಟ್ಟಿದ ತೆರಿಗೆಯ ಶೇಕಡಾ 35ನ್ನು ಮೊದಲೆರಡು ತಿಂಗಳಲ್ಲಿ ಪ್ರತಿಯೊಂದಕ್ಕೂ ಮರುತಿಂಗಳ 25ರೊಳಗೆ ಕಟ್ಟಿದರೆ ಸಾಕು. ಮಾವ ಜನವರಿಯಿಂದ ಮಾರ್ಚ್‌ವರೆಗೆ ಕಟ್ಟಿದ್ದು 24,000. ಅದರ ಶೇಕಡಾ 35 ಅಂದರೆ 8,400. ಪೋರ್ಟಲ್‌ನಲ್ಲಿ ಚಲನ್ ಮಾಡುವಾಗ ಕಾರಣದ ಜಾಗದಲ್ಲಿ Monthly Payment for Quarterly Return ಆರಿಸಿ, ಅದರ ಕೆಳಗೆ 35% Challan ಒತ್ತಿದರೆ ಮೊತ್ತ ತಾನೇ ತುಂಬಿಕೊಳ್ಳುತ್ತದೆ. ಮೇ ತಿಂಗಳ ನಿಜವಾದ ತೆರಿಗೆ 30,000 ಇದ್ದರೂ ಪರವಾಗಿಲ್ಲ, 8,400 ಸಮಯಕ್ಕೆ ಹೋಗಿದ್ದರೆ ಕೊರತೆಗೆ ಬಡ್ಡಿ ಇಲ್ಲ. ಉಳಿದ 39,200ನ್ನು ಜುಲೈಯಲ್ಲಿ ರಿಟರ್ನ್ ಜೊತೆ ಸಮಯಕ್ಕೆ ಕಟ್ಟಿದರಾಯಿತು. ಚಳಿಗಾಲ ಮುಗಿದ ಮೇಲೆ ಸಪ್ಪೆ, ಬೇಸಿಗೆ ರಜೆಯಲ್ಲಿ ಜಾತ್ರೆ ಎಂಬಂಥ ಹೋಂಸ್ಟೇ ವ್ಯಾಪಾರಕ್ಕೆ ಇದಕ್ಕಿಂತ ಹೇಳಿ ಮಾಡಿಸಿದ್ದು ಇಲ್ಲ. ಷರತ್ತು ಒಂದೇ: ಹಿಂದಿನ ರಿಟರ್ನ್ ಬಾಕಿ ಇರಬಾರದು, ಇದ್ದರೆ ಈ ಸವಲತ್ತು ಸಿಗುವುದಿಲ್ಲ.

ಇಷ್ಟನ್ನು ಹೇಳಲು ಕಾಫಿ ಗಿಡವನ್ನು ಕರೆಯಬೇಕಿರಲಿಲ್ಲ. ಸಾಹೇಬರ ಕಷ್ಟವೂ ಅರ್ಥವಾಗುತ್ತದೆ ಅನ್ನಿ. ಬೀದಿಯಲ್ಲಿ ನಿಂತು ಗಿರಾಕಿ ಕರೆಯುವುದಕ್ಕೆ ಸಿಎಗಳಿಗೆ 1949ರ ಕಾಯ್ದೆಯಲ್ಲೇ ಅಡ್ಡಿಯಿದೆ. ಹಾಗಾಗಿ ಕರೆಯದೆ ಕರೆಯುವ ಕಲೆ ಬೇಕು, ಅದಕ್ಕೆ 'ಚಿಂತನಾ ನಾಯಕತ್ವ' ಎಂದು ಹೆಸರಿಟ್ಟುಕೊಂಡಿದ್ದಾರೆ. ತಾರೀಕು ಹೇಳಿದವನು ಗುಮಾಸ್ತ, ಹೇಳದೆ ಉಳಿದವನು ನಾಯಕ.

ಜುಲೈಯಲ್ಲಿ ಸಾಹೇಬರು ಕೊನೆಗೂ ಒಂದು ತಾರೀಕು ಹೇಳಿದರು. ಹತ್ತು ಚಿತ್ರಗಳ ಸರಣಿ, ಒಂಬತ್ತನೆಯದರಲ್ಲಿ ದಪ್ಪಕ್ಷರದಲ್ಲಿ 'ಮೂರು ತಿಂಗಳ 3ಬಿ: ಜುಲೈ 24'. ದೆಹಲಿಗೆ, ಉತ್ತರ ಪ್ರದೇಶಕ್ಕೆ, ಪಂಜಾಬಿಗೆ ಅದು ಸರಿ. ಕರ್ನಾಟಕಕ್ಕೆ 22. ಯಾವುದೋ ಉತ್ತರದ ಚಿತ್ರವನ್ನು ಎತ್ತಿ ತಂದು, ಮೂಲೆಯಲ್ಲಿ ಅಬ್ಬಿ ಜಲಪಾತ ಅಂಟಿಸಿ, ತಮ್ಮ ಹೆಸರು ಹಾಕಿಕೊಂಡಿದ್ದರು. ನಂಬಿದವರಿಗೆ ದಿನಕ್ಕೆ 50 ರೂಪಾಯಿಯಂತೆ ಎರಡು ದಿನದ ವಿಳಂಬ ಶುಲ್ಕ 100, ಬಾಕಿಗೆ ಎರಡು ದಿನದ ಬಡ್ಡಿ ಬೇರೆ. ಕಕ್ಕಡ ಮಾಸದ ಮಳೆಗೆ ಕರೆಂಟೂ ಟವರೂ ಒಟ್ಟಿಗೆ ಮಲಗುವ ನಮ್ಮೂರಿನಲ್ಲಿ 20ಕ್ಕೇ ಮುಗಿಸಿಕೊಳ್ಳಿ ಎನ್ನಬೇಕಾದವರು ಎರಡು ದಿನ ದಾನ ಮಾಡಿದರು.

ಮಾವ ಮಾತ್ರ ಬಚಾವಾದರು. ಪೋಸ್ಟ್ ಓದಿ ಅಲ್ಲ; ಅವರು ರಿಟರ್ನ್ ಕೊಡುತ್ತಿದ್ದುದು ಅದೇ ಸಾಹೇಬರ ಆಫೀಸಿನಲ್ಲಿ, ಅಲ್ಲಿ ಸಿಎ ತರಬೇತಿಗೆ ಸೇರಿರುವ ಆರ್ಟಿಕಲ್ ಹುಡುಗಿ ಮೇ 20ಕ್ಕೂ ಜೂನ್ 20ಕ್ಕೂ ವಾಟ್ಸಾಪ್ ಮಾಡಿದ್ದಳು: 'ಅಂಕಲ್, 25ರೊಳಗೆ 8,400 ಕಟ್ಟಿ, ಚಲನ್ ಕಳಿಸಿದ್ದೇನೆ. ಪೂರ್ತಿ ಲೆಕ್ಕ ಜುಲೈ 22ರೊಳಗೆ.' ಮಾವನಿಗೆ ಅದು ಜಿಎಸ್‌ಟಿ ದುಡ್ಡೆಂದೇ ಗೊತ್ತಿರಲಿಲ್ಲ, ಆಫೀಸಿನ ಫೀಸು ಎಂದುಕೊಂಡು ಕಟ್ಟಿದ್ದರು. ಲಿಂಕ್ಡ್‌ಇನ್‌ನಲ್ಲಿ ಕೇಳಿದ್ದಕ್ಕೆ ಉತ್ತರ ಸಿಗದೆ ಆಫೀಸಿಗೇ ಫೋನ್ ಮಾಡಿದಾಗ ವಿಷಯ ತಿಳಿಯಿತು.

ಅದು ಸಾಹೇಬರ ಕಿವಿಗೂ ಬಿತ್ತು. ಮರುದಿನವೇ ಹೊಸ ಪೋಸ್ಟ್: 'ನನ್ನ ಆರ್ಟಿಕಲ್ ಹುಡುಗಿಯಿಂದ ನಾನು ಕಲಿತ ಒಂಬತ್ತು ನಾಯಕತ್ವದ ಗುಣಗಳು'. ವಿನಯ, ದೂರದೃಷ್ಟಿ, ಸ್ಪಷ್ಟತೆ ಎಲ್ಲವೂ ಇವೆ. ಅವಳು ಕಳಿಸಿದ ಮೆಸೇಜು ಒಂದು ಬಿಟ್ಟು.