ಜೆರಾಕ್ಸ್ ಬಾಡಿಗೆ ಕಟ್ಟುತ್ತದೆ, ಮನೆ ನಡೆಸುವುದು ಪಕ್ಕದ ಕೆಲಸ

ತಾಲ್ಲೂಕು ಆಫೀಸಿನ ಹತ್ತಿರ ಸಣ್ಣ ಮಳಿಗೆ ಸಿಕ್ಕಿದೆ, ಜೆರಾಕ್ಸ್ ಮೆಷಿನ್ ಹಾಕಲಾ ಅಂತ ಕೇಳುವವರು ಜಾಸ್ತಿಯಾಗಿದ್ದಾರೆ. ಹಾಕಿ. ಆದರೆ ಕೈಯಲ್ಲಿರುವ ದುಡ್ಡನ್ನೆಲ್ಲ ಆ ಒಂದು ಮೆಷಿನ್‌ಗೆ ಸುರಿಯಬೇಡಿ. ಮಲೆನಾಡಿನ ಒಂದು ಸಣ್ಣ ಊರಿನಲ್ಲಿ ಇದೇ ಅಂಗಡಿ ನಡೆಸುತ್ತಿರುವುದರಿಂದ ಇಷ್ಟು ಖಡಕ್ಕಾಗಿ ಹೇಳುತ್ತಿದ್ದೇನೆ.

ಮೊದಲು ಒಂದು ಪ್ರತಿಯ ಲೆಕ್ಕ ನೋಡಿ. 500 ಹಾಳೆಯ ಎ4 ಬಂಡಲ್ 270 ರೂಪಾಯಿ ಅಂದುಕೊಂಡರೆ ಹಾಳೆಗೇ 54 ಪೈಸೆ. ಟೋನರ್, ಕರೆಂಟು, ಕೆಟ್ಟುಹೋಗುವ ಹಾಳೆ, ಮುಂದೊಂದು ದಿನ ಬದಲಿಸಬೇಕಾದ ಡ್ರಮ್ಮಿಗೆ ತೆಗೆದಿಡುವ ದುಡ್ಡು ಎಲ್ಲ ಸೇರಿ ಒಂದು ರೂಪಾಯಿ ಹತ್ತಿರ ಬರುತ್ತದೆ. ಎರಡು ರೂಪಾಯಿಗೆ ಕೊಟ್ಟರೆ ಉಳಿಯುವುದು ಒಂದೇ ರೂಪಾಯಿ. ದಿನಕ್ಕೆ 300 ಪ್ರತಿ, ತಿಂಗಳಿಗೆ 25 ದಿನ ಅಂದರೆ 7,500. ಬಾಡಿಗೆ 5,000 ಹೋದರೆ ಇನ್ನೇನು ಉಳಿಯಿತು? ಜೆರಾಕ್ಸ್ ಜನರನ್ನು ಕೌಂಟರ್‌ಗೆ ಕರೆದುಕೊಂಡು ಬರುತ್ತದೆ. ಸಂಪಾದನೆ ಇರುವುದು ಲ್ಯಾಮಿನೇಷನ್, ಫೋಟೊ, ಫ್ರೇಮಿನಲ್ಲಿ.

ಹಾಗಾಗಿ ನನ್ನ ಅಂದಾಜು ಹೀಗಿದೆ. ಸೆಕೆಂಡ್ ಹ್ಯಾಂಡ್ ಎ3 ಜೆರಾಕ್ಸ್ ಮೆಷಿನ್ 55,000. ಇಂಕ್ ಟ್ಯಾಂಕ್ ಕಲರ್ ಪ್ರಿಂಟರ್ 18,000, ಹಳೆಯ ಕಂಪ್ಯೂಟರ್ 20,000, ಲ್ಯಾಮಿನೇಷನ್ ಮೆಷಿನ್ 5,000. ಫ್ರೇಮಿನ ಪಟ್ಟಿ, ಗಾಜು, ಕತ್ತರಿಸುವ ಸಾಮಾನಿಗೆ 10,000. ಟೇಬಲ್ಲು, ವೈರಿಂಗ್ 20,000. ಹಾಳೆ, ಲ್ಯಾಮಿನೇಷನ್ ಪೌಚ್ ದಾಸ್ತಾನು 12,000. ಒಟ್ಟು ಒಂದು ಲಕ್ಷ ನಲವತ್ತು ಸಾವಿರ. ಅಂಗಡಿ ಅಡ್ವಾನ್ಸ್ ಬೇರೆ. ಇದರ ಮೇಲೆ 30,000 ಕೈಯಲ್ಲಿ ಇರಲೇಬೇಕು. ಊರಿನಿಂದ ಊರಿಗೆ ದರ ಹೆಚ್ಚು ಕಮ್ಮಿ ಇರುತ್ತದೆ, ಆದರೆ ಈ ಹಂಚಿಕೆ ಬಿಡಬೇಡಿ.

ಸೆಕೆಂಡ್ ಹ್ಯಾಂಡ್ ಮೆಷಿನ್ ನೋಡಲು ಹೋದಾಗ ಮೀಟರ್ ರೀಡಿಂಗ್ ಒಂದನ್ನೇ ನಂಬಬೇಡಿ. ಬಿಸಿಯಾದ ಮೇಲೆ ಸತತವಾಗಿ 50 ಪ್ರತಿ ತೆಗೆಸಿ. ಒಂದೇ ಗುರುತು ಸಮ ಅಂತರದಲ್ಲಿ ಮತ್ತೆ ಮತ್ತೆ ಬಂದರೆ ಡ್ರಮ್ಮೋ ರೋಲರೋ ಸವೆದಿರುತ್ತದೆ. ಅಕ್ಷರವನ್ನು ಬೆರಳಿನಿಂದ ಉಜ್ಜಿದಾಗ ಪುಡಿ ಬಂದರೆ, ಟೋನರನ್ನು ಹಾಳೆಗೆ ಅಂಟಿಸುವ ಫ್ಯೂಸರ್ ಸರಿಯಾಗಿ ಬಿಸಿಯಾಗುತ್ತಿಲ್ಲ. ಎಲ್ಲಕ್ಕಿಂತ ಮುಖ್ಯ, ಆ ಮಾಡೆಲ್ ಬಿಚ್ಚಿ ಗೊತ್ತಿರುವ ಮೆಕ್ಯಾನಿಕ್ ನಿಮ್ಮ ಊರಿನ ಆಸುಪಾಸಿನಲ್ಲಿ ಇರಬೇಕು. ಇಲ್ಲದಿದ್ದರೆ ಎಷ್ಟು ಅಗ್ಗವಾದರೂ ಬೇಡ.

ನಮ್ಮ ಕಡೆ ಮಳೆಗಾಲದಲ್ಲಿ ಇನ್ನೊಂದು ಕಾಟ. ಹಾಳೆ ತೇವ ಎಳೆದುಕೊಂಡು ಅಂಚು ಅಲೆ ಅಲೆಯಾಗುತ್ತದೆ. ಎರಡೆರಡು ಒಟ್ಟಿಗೆ ಹೋಗಿ ಸಿಕ್ಕಿಕೊಳ್ಳುತ್ತವೆ, ಜನ ಮೆಷಿನ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಬೇಕಾದಷ್ಟೇ ಹಾಳೆ ಬಿಚ್ಚಿ, ಉಳಿದಿದ್ದನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿಡಿ. ಸಂಜೆ ಟ್ರೇಯಲ್ಲೂ ಬಿಡಬೇಡಿ.

ಲ್ಯಾಮಿನೇಷನ್‌ನಲ್ಲಿ ಲಾಭ ಚೆನ್ನಾಗಿದೆ. ನಾಲ್ಕೈದು ರೂಪಾಯಿಯ ಪೌಚ್, 25 ರೂಪಾಯಿ ಕೆಲಸ. ಆದರೆ ಬಂದವರ ಕೈಯಲ್ಲಿರುವುದು ಬಹುಪಾಲು ಒಂದೇ ಒಂದು ಕಾಗದ. ಪೌಚಿನ ಅಂಟಿರುವ ಅಂಚನ್ನೇ ಮೊದಲು ಒಳಗೆ ಬಿಡಿ. ತೆರೆದ ಬಾಯಿ ಮೊದಲು ಹೋದರೆ ಪೌಚ್ ರೋಲರ್‌ಗೆ ಸುತ್ತಿಕೊಳ್ಳಬಹುದು. ಬಿಲ್ಲಿನಂಥ ಥರ್ಮಲ್ ಕಾಗದ ಬಿಸಿಗೆ ಪೂರ್ತಿ ಕಪ್ಪಾಗುತ್ತದೆ, ಅದನ್ನು ಹಾಕಲೇಬೇಡಿ. ಅಂಕಪಟ್ಟಿ, ಸ್ಟಾಂಪ್ ಪೇಪರ್‌ನ ಮೂಲ ಪ್ರತಿಯನ್ನೂ ನಾನು ಮಾಡಿಕೊಡುವುದಿಲ್ಲ. ಮುಂದೆ ಅದರ ಹಿಂದೆ ಸೀಲು ಒತ್ತಬೇಕಾಗಿ ಬಂದರೆ ಏನು ಮಾಡುತ್ತಾರೆ? “ಅಣ್ಣಾ, ಹರಿದುಹೋಗುತ್ತೆ, ಮಾಡಿಕೊಡಿ” ಅಂತ ಒತ್ತಾಯಿಸುತ್ತಾರೆ. ಪ್ಲಾಸ್ಟಿಕ್ ಫೋಲ್ಡರ್‌ಗೆ ಹಾಕಿ ಕಳಿಸುತ್ತೇನೆ.

ಇನ್ನು ಫ್ರೇಮು. ಇಲ್ಲಿ ಜನ ಲೆಕ್ಕ ತಪ್ಪುವುದು ಪಟ್ಟಿಯಲ್ಲಿ. 8x12 ಫೋಟೊದ ಸುತ್ತಳತೆ 40 ಇಂಚು. ಒಂದು ಇಂಚು ಅಗಲದ ಪಟ್ಟಿಯಾದರೆ ನಾಲ್ಕು ಮೂಲೆಗೆ ಇನ್ನೂ 8 ಇಂಚು ಸೇರಿ 48 ಆಗುತ್ತದೆ. ಹತ್ತು ಅಡಿ ಪಟ್ಟಿಯಲ್ಲಿ ಎರಡು ಫ್ರೇಮು ಕತ್ತರಿಸಿದರೆ ಎರಡು ಅಡಿ ಉಳಿಯುತ್ತದೆ, ಅದು 4x6 ಫೋಟೊಗೂ ಸಾಲುವುದಿಲ್ಲ. ಅದರ ಬದಲು 12x18 ಒಂದು, 8x12 ಒಂದು ಜೋಡಿಸಿ. 68 ಮತ್ತು 48 ಸೇರಿ 116 ಇಂಚು, ಪಟ್ಟಿಯಲ್ಲಿ ಬಿಡುವುದು ನಾಲ್ಕೇ ಇಂಚು. ಆದ್ದರಿಂದ ಆರ್ಡರ್ ಬಂದ ತಕ್ಷಣ ಕತ್ತರಿಸದೆ, ಒಂದೇ ಡಿಸೈನಿನವು ಎರಡು ಮೂರು ಸೇರುವವರೆಗೆ ಕಾಯಿರಿ. ಶುರುವಿಗೆ ನಾಲ್ಕೇ ಡಿಸೈನ್ ಇಟ್ಟುಕೊಂಡರೆ ಇದು ಸುಲಭ. ಹತ್ತು ಹದಿನೈದು ಡಿಸೈನ್ ತಂದಿಟ್ಟರೆ ತುಂಡುಗಳೇ ಮೂಲೆ ತುಂಬುತ್ತವೆ.

ಇಂಕಿನ ಫೋಟೊ ಪೂರ್ತಿ ಒಣಗದೆ ಗಾಜಿನ ಹಿಂದೆ ಇಡಬೇಡಿ, ಅಂಟಿಕೊಂಡರೆ ಬಿಡಿಸಲು ಬರುವುದಿಲ್ಲ. ನಾನು ಒಂದು ರಾತ್ರಿ ಬಿಡುತ್ತೇನೆ, ಮಳೆ ಜೋರಿದ್ದರೆ ಎರಡು. ತೀರಿಹೋದವರ ಫೋಟೊ ಕೇಳಿಕೊಂಡು ಬರುವವರಿಗೆ ಮಾತ್ರ ತಿಥಿ ಯಾವತ್ತು ಅಂತ ಮೊದಲೇ ಕೇಳಿ, ಆ ಕೆಲಸವನ್ನು ಎಲ್ಲಕ್ಕಿಂತ ಮುಂದೆ ಹಾಕಿಕೊಳ್ಳುತ್ತೇನೆ.